ಒಂದು ಜೋರು ಹೊಡೆತ ನೋಡಿ ಗಾಲ್ಫ್ ಡ್ರೈವರ್ ಕಟ್ಟಿಕೊಡುತ್ತಾರೆ, ಹುಷಾರು

ಗಾಲ್ಫ್‌ನಲ್ಲಿ ದೂರಕ್ಕೆ ಹೊಡೆಯುವ ಉದ್ದನೆಯ ಕ್ಲಬ್ಬಾದ ಡ್ರೈವರ್ ಹೊಸದು ಕೊಳ್ಳಲು, ತಮ್ಮ ಸ್ವಿಂಗಿಗೆ ತಕ್ಕ ಅಳತೆ ನೋಡಿಸುವ ಫಿಟ್ಟಿಂಗ್‌ಗೆ ಹೊರಟವರು ಹೋಗುವ ಮುಂಚೆ ಇದನ್ನೊಮ್ಮೆ ಓದಿ. ನನಗೆ ಸ್ಟಿಫ್ ಶಾಫ್ಟ್, ಅಂದರೆ ಕಡಿಮೆ ಬಾಗುವ ಗಟ್ಟಿ ಕೋಲು ಹಾಕಿದ 46 ಇಂಚಿನ ಡ್ರೈವರ್ ಕಟ್ಟಿಕೊಟ್ಟರು. ನನಗೆ ಸರಿಹೊಂದುವುದು ರೆಗ್ಯುಲರ್ ಶಾಫ್ಟ್, ಅದೂ 45 ಇಂಚಿಗಿಂತ ಸ್ವಲ್ಪ ಗಿಡ್ಡದ್ದು ಅಂತ ಆಮೇಲೆ ಬೇರೆ ಕಡೆ ಅಳೆಸಿದಾಗ ಗೊತ್ತಾಯಿತು. ಶಾಫ್ಟ್ ಎಷ್ಟು ಬಾಗುತ್ತದೆ ಅನ್ನುವ ಫ್ಲೆಕ್ಸೂ ತಪ್ಪು, ಉದ್ದವೂ ತಪ್ಪು. ಎರಡಕ್ಕೂ ಕಾರಣ ಒಂದೇ: ಪರದೆ ಮೇಲೆ ಬಂದ ಅತಿ ದೊಡ್ಡ ಸಂಖ್ಯೆಯನ್ನೇ ನನ್ನ ಸ್ವಿಂಗ್ ಸ್ಪೀಡ್ ಅಂತ ಬರೆದುಕೊಂಡರು.

ಅಲ್ಲಿ ನಡೆದದ್ದು ಹೀಗೆ. ಮೈ ಬಿಸಿಯಾದ ಮೇಲೆ ನನ್ನ ಹೊಡೆತಗಳು ಗಂಟೆಗೆ 88 ಮೈಲಿ ಆಸುಪಾಸಿನಲ್ಲಿ ಬರುತ್ತಿದ್ದವು. ಫಿಟ್ಟಿಂಗ್ ಮಾಡುವವರು ಪಕ್ಕದಲ್ಲಿ ನಿಂತು, "ಸರ್, ನಿಮ್ಮ ಹತ್ರ ಇನ್ನೂ ಜಾಸ್ತಿ ಇದೆ, ಜೋರಾಗಿ ಹೊಡೀರಿ" ಅಂತ ಹುರಿದುಂಬಿಸುತ್ತಾ ಹೋದರು. ಒಂದು ಹೊಡೆತ 97 ತೋರಿಸಿತು. "ನೋಡಿ, ನೀವು ಸ್ಟಿಫ್ ಆಟಗಾರ" ಅಂದರು. ಆ ಹೊಡೆತದ ಚೆಂಡು ಎಲ್ಲಿ ಹೋಯಿತು ಅನ್ನುವುದು ಮಾತಿಗೇ ಬರಲಿಲ್ಲ.

ಎಲ್ಲರೂ ಇಟ್ಟುಕೊಳ್ಳುವ ಅಂದಾಜು ಲೆಕ್ಕ ಇದು. ಡ್ರೈವರ್ ವೇಗ ಗಂಟೆಗೆ 75ರಿಂದ 85 ಮೈಲಿ ಇದ್ದರೆ ಸೀನಿಯರ್ ಫ್ಲೆಕ್ಸ್, 85ರಿಂದ 95 ಇದ್ದರೆ ರೆಗ್ಯುಲರ್, 95ರಿಂದ 105 ಇದ್ದರೆ ಸ್ಟಿಫ್, ಅದರ ಮೇಲೆ ಎಕ್ಸ್‌ಟ್ರಾ ಸ್ಟಿಫ್. 88 ಮತ್ತು 97ರ ನಡುವೆ ಒಂದು ಇಡೀ ಫ್ಲೆಕ್ಸ್ ಬದಲಾಗಿಬಿಡುತ್ತದೆ. ಹಾಗಾಗಿ ಯಾವ ಸಂಖ್ಯೆ ಹಿಡಿಯಬೇಕು ಅನ್ನುವುದೇ ಇಲ್ಲಿ ಮುಖ್ಯ. ಹಿಡಿಯಬೇಕಾದದ್ದು ಹದಿನಾಲ್ಕನೇ ಹೋಲ್‌ನಲ್ಲಿ ಕಾಲು ಸೋತಿದ್ದಾಗಲೂ ಬರುವ ವೇಗ. ಎಸಿ ಕೋಣೆಯಲ್ಲಿ ಮ್ಯಾಟ್ ಮೇಲೆ ನಿಂತು, ಹಳ್ಳ, ಮರ, ನೀರು ಯಾವುದೂ ಎದುರಿಗಿಲ್ಲದೆ ಬೀಸಿದಾಗ ಬರುವ ವೇಗ ಅಲ್ಲ.

ಇನ್ನೊಂದು ವಿಷಯ ಅವರು ಹೇಳಲೇ ಇಲ್ಲ. ಶಾಫ್ಟ್ ಮೇಲೆ ಬರೆದಿರುವ ಫ್ಲೆಕ್ಸ್ ಹೆಸರಿಗೆ ಎಲ್ಲ ಕಂಪನಿಗಳೂ ಒಪ್ಪಿಕೊಂಡ ಅಳತೆ ಅಂತ ಒಂದಿಲ್ಲ. ಒಬ್ಬರ ರೆಗ್ಯುಲರ್ ಇನ್ನೊಬ್ಬರ ಸ್ಟಿಫ್‌ನಷ್ಟೇ ಗಟ್ಟಿ ಇರಬಹುದು. ಹೋಲಿಸಿ ನೋಡಬೇಕಾದರೆ ಗ್ರಿಪ್ ತುದಿಯನ್ನು ಯಂತ್ರಕ್ಕೆ ಕಚ್ಚಿಸಿ, ಶಾಫ್ಟ್ ನಿಮಿಷಕ್ಕೆ ಎಷ್ಟು ಸಲ ಅಲುಗುತ್ತದೆ ಅಂತ ಎಣಿಸುತ್ತಾರೆ. ಅಲುಗಾಟ ಹೆಚ್ಚಿದಷ್ಟೂ ಶಾಫ್ಟ್ ಗಟ್ಟಿ. ವೇಗದ ಜೊತೆಗೆ ಸ್ವಿಂಗಿನ ಲಯವನ್ನೂ ನೋಡಬೇಕು. ಮೇಲಿಂದ ಕೆಳಗೆ ಬರುವಾಗ ಕ್ಲಬ್ಬನ್ನು ಥಟ್ಟನೆ ಜಗ್ಗುವವರಿಗೆ 90ರಲ್ಲೂ ಸ್ಟಿಫ್ ಹೊಂದಬಹುದು. ನಿಧಾನವಾಗಿ ತಿರುಗಿಸುವವರಿಗೆ 96ರಲ್ಲೂ ರೆಗ್ಯುಲರ್ ಸಾಕಾಗಬಹುದು. ನನ್ನದು ನಿಧಾನದ ಸ್ವಿಂಗ್. ಅದನ್ನು ನೋಡಲು ಯಂತ್ರವೇ ಬೇಕಿರಲಿಲ್ಲ, ಬರಿಗಣ್ಣು ಸಾಕಿತ್ತು.

ಕೋರ್ಸ್‌ಗೆ ಇಳಿದ ಮೇಲೆ ಚೆಂಡು ತಗ್ಗಾಗಿ ಹೋಗುತ್ತಿತ್ತು, ಬಲಕ್ಕೆ ಬಾಗುತ್ತಿತ್ತು. ನಾನು ಬಲಗೈ ಆಟಗಾರ. ಕ್ಲಬ್ ಮರದ ದಿಮ್ಮಿ ಹಿಡಿದ ಹಾಗಿತ್ತು, ಹೆಡ್ ಎಲ್ಲಿದೆ ಅಂತಲೇ ಕೈಗೆ ತಿಳಿಯುತ್ತಿರಲಿಲ್ಲ. ವೇಗಕ್ಕೆ ಮೀರಿದ ಗಟ್ಟಿ ಶಾಫ್ಟ್ ಚೆಂಡಿಗೆ ತಾಗುವ ಹೊತ್ತಿಗೆ ಮುಂದಕ್ಕೆ ಕಡಿಮೆ ಬಾಗುತ್ತದೆ. ಅದರಿಂದ ಚೆಂಡನ್ನು ಮೇಲೆತ್ತುವ ಓರೆ, ಅಂದರೆ ಲಾಫ್ಟ್ ಸ್ವಲ್ಪ ಕಡಿಮೆ ಸಿಗುತ್ತದೆ, ಚೆಂಡಿಗೆ ತಾಗುವ ಫೇಸ್ ಸ್ವಲ್ಪ ಬಲಕ್ಕೆ ತೆರೆದೇ ಉಳಿಯುತ್ತದೆ. ಆದರೆ ಶಾಫ್ಟ್ ಒಂದರಿಂದಲೇ ಇಷ್ಟೆಲ್ಲ ಆಗುವುದಿಲ್ಲ. ಹೆಚ್ಚು ಕೆಡಿಸಿದ್ದು ಉದ್ದ.

ಅದು ಗೊತ್ತಾದದ್ದು ಫೇಸ್‌ಗೆ ಪಾದಕ್ಕೆ ಹಾಕುವ ಪೌಡರ್ ಸ್ಪ್ರೇ ಹೊಡೆದು ನೋಡಿದಾಗ. ಚೆಂಡು ತಾಗಿದ ಜಾಗದಲ್ಲಿ ದುಂಡನೆಯ ಗುರುತು ಉಳಿಯುತ್ತದೆ. ನನ್ನ ಗುರುತುಗಳು ಒಂದು ಕಡೆ ಕೂಡಿರಲಿಲ್ಲ, ಫೇಸ್ ತುಂಬಾ ಚದುರಿದ್ದವು. ಜಾಸ್ತಿ ಬಿದ್ದಿದ್ದು ಶಾಫ್ಟ್ ಸೇರುವ ಹೀಲ್ ಕಡೆಗೆ. ಡ್ರೈವರ್‌ನ ಹೀಲ್‌ಗೆ ತಾಗಿದ ಚೆಂಡು ಬಲಗೈ ಆಟಗಾರನಿಗೆ ಬಲಕ್ಕೆ ತಿರುಗುತ್ತದೆ, ದೂರವನ್ನೂ ಕಳೆದುಕೊಳ್ಳುತ್ತದೆ. ಕ್ಲಬ್ ಉದ್ದವಾದಷ್ಟೂ ಫೇಸ್‌ನ ನಡುಭಾಗಕ್ಕೆ ತಾಗಿಸುವುದು ಕಷ್ಟ. ಅಂದ ಹಾಗೆ, ನಿಯಮದ ಪ್ರಕಾರ ಡ್ರೈವರ್ 48 ಇಂಚಿನವರೆಗೂ ಇರಬಹುದು. ದೊಡ್ಡ ಟೂರ್ನಿಗಳಲ್ಲಿ ಅದನ್ನು 46ಕ್ಕೆ ಇಳಿಸಲು 2022ರಿಂದ ಅವಕಾಶ ಕೊಟ್ಟಿದ್ದಾರೆ. ನಮಗಿಂತ ಎಷ್ಟೋ ಚೆನ್ನಾಗಿ ಹೊಡೆಯುವ ವೃತ್ತಿ ಆಟಗಾರರಲ್ಲಿ ಹೆಚ್ಚಿನವರು 45ರ ಆಸುಪಾಸಿನಲ್ಲೇ ಇದ್ದಾರೆ. ನನಗೆ 46 ಯಾಕೆ ಬೇಕಿತ್ತು?

"ಉದ್ದ ಇದ್ದರೆ ವೇಗ ಬರುತ್ತೆ" ಅನ್ನುವುದು ಮೊದಲ ಅಂಗಡಿಯವರ ವಾದ. ಸುಳ್ಳಲ್ಲ. ಎರಡನೇ ಸಲ ಅಳೆದವರು 46 ಇಂಚಿನಲ್ಲಿ ನನಗೆ ಸರಾಸರಿ 91 ಬರುವುದನ್ನು ತೋರಿಸಿದರು, 44.75 ಇಂಚಿನಲ್ಲಿ 89. ಆದರೆ ಚೆಂಡಿನ ವೇಗ ಬೇರೆಯೇ ಕಥೆ ಹೇಳಿತು. ಚೆಂಡಿನ ವೇಗವನ್ನು ಕ್ಲಬ್ಬಿನ ವೇಗದಿಂದ ಭಾಗಿಸಿದರೆ ಹೊಡೆತ ಎಷ್ಟು ನಡುವಿಗೆ ತಾಗಿದೆ ಅಂತ ತಿಳಿಯುತ್ತದೆ. ಇದಕ್ಕೆ ಸ್ಮ್ಯಾಶ್ ಫ್ಯಾಕ್ಟರ್ ಅನ್ನುತ್ತಾರೆ. ಡ್ರೈವರ್‌ನಲ್ಲಿ ನಡುವಿಗೆ ತಾಗಿದ ಹೊಡೆತಕ್ಕೆ ಅದು 1.5ರ ಹತ್ತಿರ ಇರುತ್ತದೆ. ನನಗೆ ಉದ್ದದ ಕ್ಲಬ್ಬಿನಲ್ಲಿ 1.36, ಗಿಡ್ಡದರಲ್ಲಿ 1.46. ಅಂದರೆ 91ರಲ್ಲಿ ಚೆಂಡು ಸುಮಾರು 124 ಮೈಲಿ ವೇಗದಲ್ಲಿ ಹೊರಟಿತು, 89ರಲ್ಲಿ 130. ಚೆಂಡಿನ ವೇಗದ ಒಂದು ಮೈಲಿಗೆ ಎರಡು ಗಜದಷ್ಟು ದೂರ ಅಂತ ಹಿಡಿದರೂ, ನಿಧಾನದ ಕ್ಲಬ್ಬೇ ಹನ್ನೆರಡು ಗಜ ಮುಂದೆ.

ಇದನ್ನು ನೀವು ಹಣ ಕೊಡದೆಯೇ ಪರೀಕ್ಷಿಸಬಹುದು. ಈಗಿರುವ ಡ್ರೈವರನ್ನು ಒಂದು ಇಂಚು ಕೆಳಗೆ ಹಿಡಿದು, ಫೇಸ್‌ಗೆ ಪೌಡರ್ ಹೊಡೆದು ಆಡಿ. ಗುರುತುಗಳು ನಡುವಿಗೆ ಬಂದು ಕೂಡಿಕೊಂಡರೆ ನಿಮ್ಮ ಕ್ಲಬ್ ಉದ್ದವಾಗಿದೆ. ಹೆಡ್ ಸ್ವಲ್ಪ ಹಗುರ ಅನ್ನಿಸುತ್ತದೆ, ಅದು ಸಹಜ.

ಹಾಗಂತ ಉದ್ದದ್ದನ್ನೇ ಕತ್ತರಿಸಿದರೆ ಸರಿಹೋಗುತ್ತೆ ಅಂತ ಅಂದುಕೊಳ್ಳಬೇಡಿ. ನಾನು ವಾಪಸ್ ಕೊಡಲು ಹೋದಾಗ ಆ ಅಂಗಡಿಯವರು ಕತ್ತರಿಸಿ ಕೊಡುತ್ತೇವೆ ಅಂತಲೇ ಹೇಳಿದರು. ಗ್ರಿಪ್ ಕಡೆಯಿಂದ ಅರ್ಧ ಇಂಚು ಕತ್ತರಿಸಿದರೆ, ಬೀಸುವಾಗ ಹೆಡ್ ಎಷ್ಟು ಭಾರ ಅನ್ನಿಸುತ್ತದೆ ಅಂತ ಹೇಳುವ ಸ್ವಿಂಗ್ ವೇಟ್ ಸುಮಾರು ಮೂರು ಅಂಕ ಇಳಿಯುತ್ತದೆ. ಇಂಚೂಕಾಲು ಕತ್ತರಿಸಿದರೆ ಏಳು ಅಂಕದಷ್ಟು. ಹೆಡ್ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಒಂದು ಅಂಕ ವಾಪಸ್ ತರಲು ಹೆಡ್‌ಗೆ ಎರಡು ಗ್ರಾಂ ತೂಕ ಸೇರಿಸಬೇಕಾಗುತ್ತದೆ. ಏಳಕ್ಕೆ ಹದಿನಾಲ್ಕು ಗ್ರಾಂ, ಅಷ್ಟು ಭಾರದ ಸ್ಕ್ರೂ ಎಲ್ಲ ಹೆಡ್‌ಗಳಿಗೂ ಸಿಗುವುದಿಲ್ಲ. ಇನ್ನೂ ಮುಖ್ಯವಾದದ್ದು, ಗಿಡ್ಡವಾದ ಶಾಫ್ಟ್ ಅಲ್ಪಸ್ವಲ್ಪ ಇನ್ನೂ ಗಟ್ಟಿಯಾಗುತ್ತದೆ. ನನಗೆ ಆಗಲೇ ಜಾಸ್ತಿ ಗಟ್ಟಿಯಿದ್ದದ್ದನ್ನು ಮತ್ತಷ್ಟು ಗಟ್ಟಿ ಮಾಡಿ ಕೊಡುವುದಕ್ಕೆ ಅವರು ತಯಾರಾಗಿದ್ದರು. ಬದಲಾಯಿಸಿ ಕೊಡಲು ಒಪ್ಪಲಿಲ್ಲ, ಅಳತೆಗೆ ಕಟ್ಟಿಸಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಕೊನೆಗೆ ಹೆಡ್ ಉಳಿಸಿಕೊಂಡು, ಬೇರೆಯವರ ಹತ್ತಿರ ರೆಗ್ಯುಲರ್ ಶಾಫ್ಟನ್ನು 44.75 ಇಂಚಿಗೆ ಹಾಕಿಸಿ, ಹೆಡ್‌ಗೆ ಕೆಲವು ಗ್ರಾಂ ಸೇರಿಸಿದೆ.

ನೀವು ಹೋದಾಗ "ಜೋರಾಗಿ ಹೊಡೀರಿ" ಅಂದರೆ ಹೊಡೆಯಬೇಡಿ. ಎಲ್ಲ ಹೊಡೆತಗಳ ಸರಾಸರಿಯನ್ನು ಬರೆಸಿಕೊಳ್ಳಿ, ಕೆಟ್ಟವನ್ನು ಅಳಿಸಲು ಬಿಡಬೇಡಿ. ಆ ಹಾಳೆಯಲ್ಲಿ ಕ್ಲಬ್ಬಿನ ವೇಗದ ಪಕ್ಕದಲ್ಲಿ ಚೆಂಡಿನ ವೇಗವೂ ಇರಲಿ. ಅದೇ ಹೆಡ್‌ಗೆ ಎರಡು ಫ್ಲೆಕ್ಸ್ ಹಾಕಿ, ಎರಡು ಉದ್ದದಲ್ಲಿ ಹೊಡೆಸಲು ಒಪ್ಪದವರ ಹತ್ತಿರ ಮುಂಗಡ ಕೊಡಬೇಡಿ. ವಾಪಸ್ ತೆಗೆದುಕೊಳ್ಳುತ್ತಾರಾ ಅನ್ನುವುದನ್ನು ಶಾಫ್ಟ್ ಕತ್ತರಿಸುವ ಮುಂಚೆಯೇ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ.