ಡಬ್ಬಿ ಮೇಲೆ ತ್ರಿಫಲ ಅಂತಿದ್ದರೂ ಹಿಂದೆ ತಿರುಗಿಸಿ ಓದಿ

ಕಳೆದ ವರ್ಷ ಅಮ್ಮನನ್ನು ಎರಡು ದಿನ ಆಸ್ಪತ್ರೆಯಲ್ಲಿ ಇಡಬೇಕಾಯಿತು. ಕಾರಣ ಮಲಬದ್ಧತೆಗೆ ಅಂತ ತೆಗೆದುಕೊಳ್ಳುತ್ತಿದ್ದ ಪುಡಿ. ನಮ್ಮ ಹಾಗೆ ಎಷ್ಟೋ ಮನೆಗಳಲ್ಲಿ ಆ ಥರದ ಡಬ್ಬಿ ಇರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮನಿಗೆ 64 ವರ್ಷ. ಬಿಪಿ ಇದೆ, ಮಂಡಿನೋವು ಇದೆ. ರಾತ್ರಿ ಎದ್ದು ಬಚ್ಚಲಿಗೆ ಹೋಗುವುದು ಕಷ್ಟ ಅಂತ ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಜೊತೆಗೆ ಮೂಳೆಗೆ ಅಂತ ಕ್ಯಾಲ್ಸಿಯಂ ಮಾತ್ರೆ ಶುರುವಾಗಿತ್ತು. ಹೊಟ್ಟೆ ಕಟ್ಟಿಕೊಳ್ಳಲು ಇವೆರಡೇ ಸಾಕು ಅಂತ ಆಗ ನಮಗೆ ಹೊಳೆಯಲಿಲ್ಲ. ಚಿಕ್ಕಮ್ಮ ಹೇಳಿದರು ಅಂತ ತ್ರಿಫಲ ಪುಡಿ ತಂದುಕೊಟ್ಟೆ. ರಾತ್ರಿ ಒಂದು ಚಮಚ, ಬಿಸಿನೀರಲ್ಲಿ. ಎರಡು ತಿಂಗಳು ಸರಿಯಾಗಿತ್ತು. ಅದು ಮುಗಿದಾಗ ಅಮ್ಮನೇ ಅಂಗಡಿಯಿಂದ ಇನ್ನೊಂದು ತಂದರು. ಅದರ ಮೇಲೂ ದೊಡ್ಡದಾಗಿ ತ್ರಿಫಲ ಅಂತ ಇತ್ತು, ಮೂರು ಕಾಯಿಗಳ ಚಿತ್ರ ಇತ್ತು. "ಇದು ಚೆನ್ನಾಗಿ ಕೆಲಸ ಮಾಡುತ್ತೆ ಕಣೇ, ಬೆಳಿಗ್ಗೆ ಐದಕ್ಕೇ ಎಬ್ಬಿಸುತ್ತೆ" ಅಂದರು. ನನಗೂ ಸಮಾಧಾನವಾಯಿತು.

ನಿಜವಾದ ತ್ರಿಫಲದಲ್ಲಿ ಇರುವುದು ಮೂರೇ: ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ. ಬೀಜ ತೆಗೆದು ಒಣಗಿಸಿ, ಸಮ ಪಾಲು ಪುಡಿ ಮಾಡುತ್ತಾರೆ. ಹೊಟ್ಟೆ ಸಡಿಲ ಮಾಡುವ ಕೆಲಸ ಮುಖ್ಯವಾಗಿ ಅಳಲೆಕಾಯಿಯದ್ದು, ಅದೂ ಮೆಲ್ಲಗೆ. ಬಾಯಿಗೆ ಒಗರು ಅನಿಸುವುದು ಅದರ ಟ್ಯಾನಿನ್‌ನಿಂದ. ಸಾಮಾನ್ಯವಾಗಿ ಹೇಳುವ ಪ್ರಮಾಣ ದಿನಕ್ಕೆ 3ರಿಂದ 6 ಗ್ರಾಂ. ಜಾಸ್ತಿಯಾದರೆ ಇದರಿಂದಲೂ ಹೊಟ್ಟೆ ನುಲಿಯುತ್ತದೆ, ಬೇಧಿ ಆಗುತ್ತದೆ. ಆದರೂ ನಮ್ಮ ಮನೆಯಲ್ಲಿ ಆದದ್ದಕ್ಕೆ ಈ ಮೂರು ಕಾಯಿಗಳನ್ನು ದೂರುವುದು ತಪ್ಪಾಗುತ್ತದೆ.

ಎರಡನೇ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ತ್ರಿಫಲದ ಜೊತೆ ಸೋನಾಮುಖಿ ಅಂತಲೂ ಇತ್ತು, ಸೈಂಧವ ಲವಣ ಅಂತಲೂ ಇತ್ತು. ಸೋನಾಮುಖಿ ಎಲೆಯನ್ನೇ ಇಂಗ್ಲಿಷಿನಲ್ಲಿ ಸೆನ್ನಾ ಅನ್ನುತ್ತಾರೆ. ಕೆಲವು ಡಬ್ಬಿಗಳಲ್ಲಿ ಸನಾಯ, ಸ್ವರ್ಣಪತ್ರಿ ಅಥವಾ ಕ್ಯಾಸಿಯಾ ಅಂಗುಸ್ಟಿಫೋಲಿಯಾ ಅಂತ ಇರುತ್ತದೆ. ಎಲ್ಲಾ ಒಂದೇ. ಇದು ದೊಡ್ಡ ಕರುಳಿಗೆ ಹೋದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾ ಇದನ್ನು ಒಡೆಯುತ್ತವೆ. ಆಗ ಅದು ಕರುಳನ್ನು ಕೆರಳಿಸಿ ಹಿಂಡಿಸುತ್ತದೆ, ನೀರನ್ನು ಒಳಗೆ ಹೀರಿಕೊಳ್ಳಲು ಬಿಡುವುದಿಲ್ಲ. ಇಷ್ಟಕ್ಕೆ 6ರಿಂದ 12 ಗಂಟೆ ಬೇಕು. ರಾತ್ರಿ ತೆಗೆದುಕೊಂಡರೆ ಬೆಳಿಗ್ಗೆ ಐದಕ್ಕೆ ಎಬ್ಬಿಸುವುದು ಅದಕ್ಕೇ. ಎರಡು ದಿನಕ್ಕೆ, ನಾಲ್ಕು ದಿನಕ್ಕೆ ಸೆನ್ನಾ ಒಳ್ಳೆಯ ಔಷಧವೇ. ಅಮ್ಮ ತೆಗೆದುಕೊಂಡದ್ದು ಏಳು ತಿಂಗಳು.

ಅಭ್ಯಾಸ ಹೇಗೆ ಅಂಟಿತು ಅನ್ನುವುದು ನನಗೆ ಆಮೇಲೆ ಅರ್ಥವಾಯಿತು. ಪುಡಿ ಜೋರಾಗಿ ಕೆಲಸ ಮಾಡಿದ ದಿನ ದೊಡ್ಡ ಕರುಳು ಪೂರ್ತಿ ಖಾಲಿಯಾಗುತ್ತದೆ. ಅದು ಮತ್ತೆ ತುಂಬಲು ಎರಡು ಮೂರು ದಿನ ಬೇಕು. ಆ ದಿನಗಳಲ್ಲಿ ಮಲ ಹೋಗದಿರುವುದು ಸಹಜ. ಅಮ್ಮ ಮಾತ್ರ "ಪುಡಿ ಬಿಟ್ಟರೆ ಆಗೋದೇ ಇಲ್ಲ" ಅಂದುಕೊಂಡು ಅವತ್ತು ರಾತ್ರಿಯೇ ಮತ್ತೆ ಒಂದು ಚಮಚ ಹಾಕಿಕೊಳ್ಳುತ್ತಿದ್ದರು. ಒಂದು ಚಮಚ ಒಂದೂವರೆ ಆಯಿತು, ಆಮೇಲೆ ತುಂಬಿ ತುಳುಕುವ ಎರಡು ಚಮಚ. ಬೆಳಿಗ್ಗೆ ನೀರು ನೀರಾಗಿ ಹೋದರೂ ಅದನ್ನು ಅವರು ಬೇಧಿ ಅನ್ನಲಿಲ್ಲ, "ಹೊಟ್ಟೆ ಶುದ್ಧವಾಯಿತು" ಅನ್ನುತ್ತಿದ್ದರು.

ಮಳೆಗಾಲದ ಹೊತ್ತಿಗೆ ಸುಸ್ತು ಶುರುವಾಯಿತು. ರಾತ್ರಿ ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು. ನಾನು ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆ, ವಯಸ್ಸಾಯಿತಲ್ವಾ ಅಂದುಕೊಂಡು. ಒಂದು ದಿನ ಮೆಟ್ಟಿಲ ಅರ್ಧದಲ್ಲಿ ಕೂತುಬಿಟ್ಟರು. "ಕಾಲು ನನ್ನದೇ ಅಲ್ಲ ಅನಿಸ್ತಿದೆ, ಎದೆ ಒಂಥರಾ ಹಾರುತ್ತೆ" ಅಂದರು. ಆಸ್ಪತ್ರೆಯಲ್ಲಿ ಇಸಿಜಿ ಮಾಡಿ ರಕ್ತ ತೆಗೆದರು. ಪೊಟ್ಯಾಸಿಯಂ 2.8 ಇತ್ತು. 3.5ಕ್ಕಿಂತ ಮೇಲಿರಬೇಕು. ಇನ್ನೂ ಇಳಿದರೆ ಹೃದಯದ ಬಡಿತವೇ ತಪ್ಪಬಹುದು ಅಂತ ಡಾಕ್ಟರ್ ಹೇಳಿದಾಗ ನನ್ನ ಕೈ ತಣ್ಣಗಾಯಿತು.

ಅಮ್ಮನ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿತ್ತು. ಅದು ಮೂತ್ರದಲ್ಲಿ ಪೊಟ್ಯಾಸಿಯಂ ಕಳೆಯುತ್ತದೆ. ಪುಡಿ ಬೇಧಿಯಲ್ಲಿ ಕಳೆಯುತ್ತಿತ್ತು. ಎರಡೂ ಕಡೆ ಸೋರಿಕೆ. ಇನ್ನೊಂದು ವಿಷಯ ಕೇಳಿ ನಾನು ದಂಗಾದೆ: ಪೊಟ್ಯಾಸಿಯಂ ಕಡಿಮೆಯಾದರೆ ಕಾಲಿನ ಸ್ನಾಯುವಿನ ಹಾಗೆ ಕರುಳಿನ ಸ್ನಾಯುವೂ ಸೋಲುತ್ತದೆ, ಮಲಬದ್ಧತೆ ಹೆಚ್ಚುತ್ತದೆ. ಅಂದರೆ ಅಮ್ಮ ಪುಡಿ ಜಾಸ್ತಿ ಮಾಡಿದಷ್ಟೂ ಪುಡಿಯ ಅಗತ್ಯವೂ ಜಾಸ್ತಿಯಾಗುತ್ತಿತ್ತು. ಸಾಲದ್ದಕ್ಕೆ ಆ ಸೈಂಧವ ಲವಣ ಬೇರೆ. ಊಟದಲ್ಲಿ ಉಪ್ಪು ಕಡಿಮೆ ಹಾಕಿ, ರಾತ್ರಿ ಚಮಚದಲ್ಲಿ ಉಪ್ಪು ಕೊಡುತ್ತಿದ್ದೆವು.

ನಿಮ್ಮ ಮನೆಯಲ್ಲಿ ಮೂತ್ರ ಹೆಚ್ಚಿಸುವ ಮಾತ್ರೆ, ಹೃದಯಕ್ಕೆ ಡಿಗಾಕ್ಸಿನ್, ಕಿಡ್ನಿ ತೊಂದರೆ, ಇವುಗಳಲ್ಲಿ ಒಂದಿದ್ದರೂ ಇಂಥ ಪುಡಿಯನ್ನು ಸ್ವಂತಕ್ಕೆ ದಿನಾ ತೆಗೆದುಕೊಳ್ಳಬೇಡಿ. ಬಸುರಿಯರಿಗೆ ಅಳಲೆಕಾಯಿ ಕೊಡಬಾರದು ಅಂತ ಆಯುರ್ವೇದವೇ ಹೇಳುತ್ತದೆ, ಹಾಗಾಗಿ ಬರೀ ತ್ರಿಫಲವೂ ಅವರಿಗೆ ಬೇಡ. ಸಕ್ಕರೆ ಕಾಯಿಲೆ ಮಾತ್ರೆ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ಇರುವವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಕಬ್ಬಿಣದ ಮಾತ್ರೆ ನುಂಗುವವರು ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬೇಡಿ, ಒಗರಿನ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಐವತ್ತು ದಾಟಿದವರಿಗೆ ಹೊಸದಾಗಿ ಮಲಬದ್ಧತೆ ಬಂದರೆ, ಮಲದಲ್ಲಿ ರಕ್ತ ಕಂಡರೆ, ತೂಕ ಇಳಿದರೆ ಪುಡಿ ಹುಡುಕಬೇಡಿ, ಡಾಕ್ಟರ ಹತ್ತಿರ ಹೋಗಿ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಅದು ಕರುಳು ಕಟ್ಟಿರುವ ಲಕ್ಷಣ ಇರಬಹುದು. ಆಗ ಯಾವ ಭೇದಿ ಔಷಧವನ್ನೂ ಕೊಡದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಅಮ್ಮನಿಗೆ ಬಿಪಿ ಮಾತ್ರೆ ಬದಲಿಸಿದರು. ಪುಡಿ ಪೂರ್ತಿ ನಿಂತಿತು. ಬದಲಿಗೆ ಮಲ ಮೆತ್ತಗಾಗಿಸುವ ಲ್ಯಾಕ್ಟುಲೋಸ್ ಸಿರಪ್ ಕೊಟ್ಟರು, ಇದು ಕರುಳನ್ನು ಕೆರಳಿಸುವುದಿಲ್ಲ. ಮೊದಲ ಮೂರು ದಿನ ಏನೂ ಆಗಲಿಲ್ಲ. ಅಮ್ಮನಿಗೆ ಅಳುವೇ ಬಂತು, "ಒಂದೇ ಒಂದು ಚಮಚ ಕೊಡೇ" ಅಂದರು. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸಹಜವೇ ಅಂತ ಡಾಕ್ಟರ್ ಹೇಳಿದ್ದನ್ನು ಮತ್ತೆ ಮತ್ತೆ ಹೇಳಿ ತಡೆದೆ. ನಾಲ್ಕನೇ ದಿನ ತಾನಾಗಿ ಆಯಿತು. ಎರಡು ತಿಂಗಳಲ್ಲಿ ಸಿರಪ್ಪೂ ಬಿಟ್ಟಿತು. ಈಗ ಬೆಳಿಗ್ಗೆ ಕಾಫಿ ಆದ ಮೇಲೆ ಕಾಲಡಿ ಒಂದು ಮಣೆ ಇಟ್ಟುಕೊಂಡು ಕಮೋಡಿನಲ್ಲಿ ಹತ್ತು ನಿಮಿಷ ಕೂರುತ್ತಾರೆ. ಸಂಜೆ ಆರರೊಳಗೆ ಎರಡು ಚೊಂಬು ನೀರು ಮುಗಿಸುತ್ತಾರೆ, ರಾತ್ರಿ ಏಳುವ ಭಯ ಇರಬಾರದು ಅಂತ. ಎರಡು ದಿನಕ್ಕೊಮ್ಮೆ ಆಗುತ್ತದೆ. ಮೀನಖಂಡ ಹಿಡಿಯುವುದು ನಿಂತಿದೆ.