ತ್ರೀಡಿ ಚಿತ್ರ ನಂಬಿ ಡೈನಿಂಗ್ ಟೇಬಲ್‌ಗೆ ಅಡ್ವಾನ್ಸ್ ಕೊಡಬೇಡಿ

ಇಂಟೀರಿಯರ್ ಮಾಡಿಸುತ್ತಿರುವವರು ದಯವಿಟ್ಟು ಓದಿ. ಬೆಂಗಳೂರಿನ ನಮ್ಮ ಫ್ಲಾಟಿಗೆ ಒಂದು ಕಂಪನಿಯವರು ಡೈನಿಂಗ್ ರೂಮಿನ ತ್ರೀಡಿ ಚಿತ್ರ ಮಾಡಿಕೊಟ್ಟಿದ್ದರು. ಆರಡಿ ಉದ್ದ, ಮೂರಡಿ ಅಗಲದ ತೇಗದ ಟೇಬಲ್, ಅದೇ ಮರದ ಆರು ಕುರ್ಚಿ, ಟೇಬಲ್ಲಿನ ನಟ್ಟನಡುವೆ ತೂಗುವ ಲೈಟು. ಪೂರ್ತಿ ಸಾಲಿಡ್ ವುಡ್ ತಾನೇ ಎಂದು ಕೇಳಿದ್ದಕ್ಕೆ ಹೌದು ಎಂದರು. ಮನೆಗೆ ಬಂದದ್ದೇ ಬೇರೆ.

ನೀರಿನ ಜಗ್ ಇಡುವ ಮೂಲೆಯಲ್ಲಿ ಟೇಬಲ್ಲಿನ ಅಂಚು ಉಬ್ಬಿತು, ಪಟ್ಟಿ ಎದ್ದು ಬಂತು. ಒಳಗೆ ಮರದ ಎಳೆಯೇ ಇಲ್ಲ, ಒತ್ತಿ ಕೂರಿಸಿದ ಕಂದು ಪುಡಿ. ಅಂದರೆ ಎಂಡಿಎಫ್ ಹಲಗೆ, ಮೇಲೆ ತೇಗದ ತೆಳುವಾದ ವೆನೀರ್. ಕುರ್ಚಿಗಳು ಬಣ್ಣ ಬಳಿದ ರಬ್ಬರ್ ಮರ. ರಬ್ಬರ್ ಮರ ಕೆಟ್ಟದ್ದಲ್ಲ, ಅದೂ ಸಾಲಿಡ್ ವುಡ್ಡೇ. ಆದರೆ ಅದಕ್ಕೆ ತೇಗದ ಬೆಲೆ ಯಾಕೆ ಕೊಡಬೇಕು?

ಡೆಲಿವರಿ ದಿನವೇ ಟೇಬಲ್ಲಿನ ಅಗಲದ ಕಡೆಯ ಅಂಚು ನೋಡಿ. ಮೇಲಿನ ಎಳೆಗಳು ಅಲ್ಲಿ ಕಡಿದ ಹಾಗೆ ನಿಂತು, ಸಣ್ಣ ಚುಕ್ಕೆಗಳೂ ಬಾಗಿದ ಗೆರೆಗಳೂ ಕಾಣಬೇಕು. ಅದರ ಬದಲು ಅಂಚಿನುದ್ದಕ್ಕೂ ನೀಳ ಗೆರೆ ಓಡಿದ್ದರೆ ಬಹುತೇಕ ಅಂಟಿಸಿದ ಪಟ್ಟಿಯೇ. ಬಗ್ಗಿ ಕೆಳಭಾಗವನ್ನೂ ನೋಡಿ.

ಕೇಳಲು ಹೋದರೆ ಕೊಟೇಶನ್ ಮುಂದಿಟ್ಟರು. ಅದರಲ್ಲಿ ಇದ್ದದ್ದು ‘ಟೀಕ್ ಫಿನಿಶ್, ಆಸ್ ಪರ್ ತ್ರೀಡಿ’ ಅಷ್ಟೇ. ಬಣ್ಣ ಚಿತ್ರದಲ್ಲಿರುವಂತೆಯೇ ಇದೆಯಲ್ಲ ಎಂದು ವಾದಿಸಿದರು!

ಲೈಟಿನದ್ದು ಇನ್ನೂ ಬೇಸರದ ವಿಷಯ. ರೂಮಿನ ಅಗಲ ಒಂಬತ್ತು ಅಡಿ. ಸೀಲಿಂಗಿನ ವೈರಿಂಗ್ ಮಾಡಿದವರು ರೂಮಿನ ಮಧ್ಯಕ್ಕೆ ಪಾಯಿಂಟ್ ಕೊಟ್ಟರು. ಆಮೇಲೆ ಒಂದು ಗೋಡೆಗೆ 15 ಇಂಚು ಆಳದ ಕ್ರಾಕರಿ ಯೂನಿಟ್ ಬಂತು. ಉಳಿದ ಜಾಗದ ಮಧ್ಯಕ್ಕೆ ಟೇಬಲ್ ಇಟ್ಟರೆ ಲೈಟು ಏಳೂವರೆ ಇಂಚು ಪಕ್ಕಕ್ಕೆ ತೂಗುತ್ತದೆ. ಒಂದು ಸಾಲಿನವರ ಕಣ್ಣಿಗೆ ಬಲ್ಬು, ಇನ್ನೊಂದು ಸಾಲಿನವರ ತಟ್ಟೆಗೆ ಮಂದ ಬೆಳಕು. ಚಿತ್ರದಲ್ಲಿ ಎಷ್ಟು ಚೆನ್ನಾಗಿತ್ತು ಅಲ್ವಾ, ಯಾಕೆಂದರೆ ಅಲ್ಲಿ ಲೈಟನ್ನು ಮೌಸಿನಿಂದ ಟೇಬಲ್ ಮೇಲಕ್ಕೆ ಎಳೆದಿಟ್ಟಿದ್ದರು. ಆ ಅಳತೆ ಎಲೆಕ್ಟ್ರಿಷಿಯನ್ ಕೈಗೆ ಹೋಗಲೇ ಇಲ್ಲ.

ಕುರ್ಚಿ ಹಿಂದಿನ ಜಾಗವೂ ಹಾಗೆಯೇ. ಎರಡೂ ಬದಿಗೆ ಉಳಿದದ್ದು 28 ಇಂಚು ಚಿಲ್ಲರೆ. ಕೂತವರು ಕುರ್ಚಿ ಎಳೆದು ಏಳುವುದಕ್ಕೇ ಸುಮಾರು ಮೂರಡಿ ಬೇಕು. ಚಿತ್ರದಲ್ಲಿ ಇಕ್ಕಟ್ಟು ಕಾಣಲಿಲ್ಲ, ಏಕೆಂದರೆ ಸಾಫ್ಟ್‌ವೇರಿನಲ್ಲಿ ಕ್ಯಾಮೆರಾವನ್ನು ಗೋಡೆಯ ಆಚೆ ನಿಲ್ಲಿಸಿ, ವೈಡ್ ಆ್ಯಂಗಲ್‌ನಲ್ಲಿ ತೋರಿಸಬಹುದು. ನಿಜವಾದ ಮನೆಯಲ್ಲಿ ಅಲ್ಲಿ ನಿಂತು ನೋಡಲು ಯಾರಿಗೂ ಆಗುವುದಿಲ್ಲ.

ಕೊನೆಗೆ ಬೇರೆ ಎಲೆಕ್ಟ್ರಿಷಿಯನ್ ಕರೆಸಿ, ಟೇಬಲ್ಲಿನ ನೇರಕ್ಕೆ ಸೀಲಿಂಗಿನಲ್ಲಿ ಹುಕ್ ಹಾಕಿಸಿ, ವೈರನ್ನು ಅಲ್ಲಿಗೆ ಎಳೆಸಿದೆವು. ಟೇಬಲ್ಲಿಗೂ ಲೈಟಿಗೂ ನಡುವೆ 32 ಇಂಚು ಬಿಟ್ಟಿದ್ದೇವೆ. 30ರಿಂದ 36ರವರೆಗೆ ಸಾಮಾನ್ಯವಾಗಿ ಸರಿಹೋಗುತ್ತದೆ. ನಿಮ್ಮ ಮನೆಯಲ್ಲಿ ಫಾಲ್ಸ್ ಸೀಲಿಂಗ್ ಮುಚ್ಚುವ ಮೊದಲೇ ಟೇಬಲ್, ಕುರ್ಚಿ, ಯೂನಿಟ್ ಮೂರನ್ನೂ ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಸಿ, ಲೈಟ್ ಪಾಯಿಂಟನ್ನು ಟೇಬಲ್ ಗುರುತಿನ ಮಧ್ಯಕ್ಕೆ ನೇರವಾಗಿ ತೂಕಗುಂಡು ಹಿಡಿದು ಕೊಡಿಸಿ. ಕೊಟೇಶನ್ನಿನಲ್ಲಿ ಮರದ ಹೆಸರು, ಮೇಲ್ಹಲಗೆಯ ದಪ್ಪ, ವೆನೀರ್ ಇದೆಯೋ ಇಲ್ಲವೋ ಎಂಬುದನ್ನು ಬರೆಸಿಕೊಂಡ ಮೇಲೆಯೇ ದುಡ್ಡು ಕೊಡಿ.