ಸೂಚ್ಯಂಕಕ್ಕಿಂತ ಮುಂದಿರುವ ಷೇರು ಹುಡುಕಲು ನಾನು ಬಳಸಿ ನೋಡಿದ ಮೂರು ಅಳತೆಗಳು

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಅನುಪಾತದ ಗೆರೆ. ಷೇರಿನ ಬೆಲೆಯನ್ನು ಸೂಚ್ಯಂಕದಿಂದ ಭಾಗಿಸಿ, ಬಂದ ಸಂಖ್ಯೆಯನ್ನು ವಾರವಾರ ಗೆರೆಯಾಗಿ ನೋಡುವುದು, ಅಷ್ಟೇ. ಇದಕ್ಕೆ ದುಡ್ಡು ಬೇಕಿಲ್ಲ. ಆದರೆ ಇಲ್ಲಿಗೆ ಬಂದು ನಿಲ್ಲುವ ಮೊದಲು ಒಂದು ರೇಟಿಂಗ್ ಸೇವೆಗೆ ವರ್ಷದ ಚಂದಾ ಕಟ್ಟಿದೆ, ಆಮೇಲೆ 55 ದಿನದ ಲೆಕ್ಕ ನಂಬಿ ಒಂದು ಷೇರಿನಲ್ಲಿ ನಷ್ಟ ಮಾಡಿಕೊಂಡೆ. ಮೂರನ್ನೂ ನನ್ನದೇ ಹಣ ಹಾಕಿ ನೋಡಿದ್ದೇನೆ.

ಇಲ್ಲಿ ಹೇಳುತ್ತಿರುವುದು ರಿಲೇಟಿವ್ ಸ್ಟ್ರೆಂತ್ ಬಗ್ಗೆ, ಅಂದರೆ ಸೂಚ್ಯಂಕದ ಎದುರು ಷೇರು ಎಷ್ಟು ಗಟ್ಟಿ ಎನ್ನುವುದರ ಬಗ್ಗೆ, RSI ಬಗ್ಗೆ ಅಲ್ಲ. ಹೆಸರು ಒಂದೇ ಥರ ಇದೆ, ಆದರೆ RSI ಷೇರನ್ನು ಅದರದೇ ಹಿಂದಿನ ಏರಿಳಿತದ ಜೊತೆ ಹೋಲಿಸುತ್ತದೆ. ಸೂಚ್ಯಂಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಹಣ ಕೊಟ್ಟು ತಗೊಂಡ ರೇಟಿಂಗ್

ಇದು ಪ್ರತಿ ಷೇರಿಗೂ 1ರಿಂದ 99ರವರೆಗೆ ಒಂದು ಅಂಕ ಕೊಡುತ್ತದೆ. ಕಳೆದ 12 ತಿಂಗಳಲ್ಲಿ ಷೇರು ಎಷ್ಟು ಏರಿದೆ ಎಂದು ನೋಡಿ, ಕೊನೆಯ 3 ತಿಂಗಳಿಗೆ ಹೆಚ್ಚು ತೂಕ ಕೊಟ್ಟು, ಎಲ್ಲ ಷೇರುಗಳನ್ನೂ ಸಾಲಾಗಿ ನಿಲ್ಲಿಸುತ್ತದೆ. 90 ಬಂದರೆ ನೂರರಲ್ಲಿ ತೊಂಬತ್ತು ಷೇರುಗಳಿಗಿಂತ ಇದು ಮುಂದಿದೆ ಎಂದರ್ಥ. ಸಾವಿರಾರು ಷೇರುಗಳಿಂದ ಐವತ್ತಕ್ಕೆ ಇಳಿಸಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇಲ್ಲ, ಒಪ್ಪುತ್ತೇನೆ.

ಆದರೆ ಇದು ಸರತಿ ಸಾಲು. ಇಡೀ ಮಾರುಕಟ್ಟೆ ಕುಸಿದರೂ ಸಾಲಿನ ಮುಂದೆ ಯಾರಾದರೂ ಇದ್ದೇ ಇರುತ್ತಾರೆ. ಕಡಿಮೆ ಬಿದ್ದ ಷೇರಿಗೂ 99 ಸಿಗುತ್ತದೆ. ಜೊತೆಗೆ 12 ತಿಂಗಳ ಲೆಕ್ಕವಾದ್ದರಿಂದ, ವರ್ಷವಿಡೀ ಮಲಗಿದ್ದ ಷೇರು ಈಗ ತಾನೇ ಎದ್ದರೆ ಅದರ ಅಂಕ ಮೇಲೆ ಬರಲು ಸಮಯ ಹಿಡಿಯುತ್ತದೆ.

ಇನ್ನು ಬೆಲೆ. ನಾನು ತಿಂಗಳಿಗೆ 12,000 ರೂಪಾಯಿ ಷೇರಿಗೆ ಹಾಕುವವನು. ವರ್ಷಕ್ಕೆ 1,44,000. ಚಂದಾ 8,000. ಅಂದರೆ ಹಾಕಿದ ಹಣದಲ್ಲಿ ಐದೂವರೆ ಶೇಕಡಾ ಮೊದಲ ದಿನವೇ ಹೋಯಿತು. ಇಪ್ಪತ್ತು ಲಕ್ಷ ಇಟ್ಟುಕೊಂಡವರಿಗೆ ಅದು ಲೆಕ್ಕಕ್ಕಿಲ್ಲ. ನನಗೆ ಹೊರೆ. ಎರಡನೇ ವರ್ಷ ಕಟ್ಟಲಿಲ್ಲ.

55 ದಿನದ ಸಂಖ್ಯೆ

ನಮ್ಮಲ್ಲಿ ತುಂಬಾ ಜನ ಬಳಸುವುದು ಇದನ್ನೇ. 55 ವಹಿವಾಟು ದಿನಗಳ ಹಿಂದಿನ ಬೆಲೆಗೆ ಹೋಲಿಸಿದರೆ ಷೇರು ಎಷ್ಟು ಪಟ್ಟು ಆಗಿದೆ, ನಿಫ್ಟಿ ಎಷ್ಟು ಪಟ್ಟು ಆಗಿದೆ ನೋಡಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಒಂದು ಕಳೆಯುವುದು. ಸೊನ್ನೆಗಿಂತ ಮೇಲಿದ್ದರೆ ಷೇರು ಮುಂದಿದೆ, ಕೆಳಗಿದ್ದರೆ ಹಿಂದಿದೆ. ಸೊನ್ನೆ ದಾಟಿ ಮೇಲೆ ಬಂದಾಗ ಕೊಳ್ಳಬೇಕು ಎನ್ನುವುದು ರೂಢಿ. ನೋಡಲು ಎಷ್ಟು ಸರಳ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಇದರಲ್ಲಿ ಒಂದೇ ಒಂದು ತೊಡಕು ಇದೆ, ನನಗೆ ದುಬಾರಿಯಾಗಿದ್ದು ಅದೇ. ಈ ಸಂಖ್ಯೆಗೆ ಎರಡು ತುದಿ. ಒಂದು ಇವತ್ತಿನ ಬೆಲೆ, ಇನ್ನೊಂದು 55 ದಿನ ಹಿಂದಿನ ಬೆಲೆ. ನಮ್ಮ ಕಣ್ಣೆಲ್ಲ ಇವತ್ತಿನ ತುದಿಯ ಮೇಲೆ. ಆದರೆ ಹಿಂದಿನ ತುದಿಯೂ ದಿನಕ್ಕೊಂದು ಹೆಜ್ಜೆ ಮುಂದೆ ಬರುತ್ತಿರುತ್ತದೆ. ಅಲ್ಲಿ ಒಂದು ದೊಡ್ಡ ಕುಸಿತ ಸಿಕ್ಕರೆ, ಇವತ್ತು ಏನೂ ಆಗದಿದ್ದರೂ ಸಂಖ್ಯೆ ಹಾರುತ್ತದೆ.

2024ರ ಜೂನ್ 4 ನೆನಪಿದೆಯಾ? ಲೋಕಸಭೆ ಫಲಿತಾಂಶದ ದಿನ. ನಿಫ್ಟಿ ಒಂದೇ ದಿನ ಸುಮಾರು 6 ಶೇಕಡಾ ಬಿದ್ದು 21,884ಕ್ಕೆ ನಿಂತಿತು. ಸರ್ಕಾರಿ ಕಂಪನಿಗಳ ಷೇರುಗಳು ಅದಕ್ಕಿಂತ ಬಹಳ ಜಾಸ್ತಿ ಬಿದ್ದವು. ನಮ್ಮ ಬೆಂಗಳೂರಿನ ಬಿಇಎಲ್ ಕೂಡ ಆವತ್ತು ಹೆಚ್ಚುಕಡಿಮೆ ಐದನೇ ಒಂದು ಭಾಗ ಕಳೆದುಕೊಂಡಿತು. ಈಗ ಲೆಕ್ಕ ಹಾಕೋಣ. ಜೂನ್ 3ರಂದು ಷೇರೂ 100, ನಿಫ್ಟಿಯೂ 100 ಎಂದಿಟ್ಟುಕೊಳ್ಳಿ. ಮರುದಿನ ಷೇರು 81, ನಿಫ್ಟಿ 94. ಅಲ್ಲಿಂದ ದಿನ ಎಣಿಸಿ. ಆಗಸ್ಟ್ 22ರ ಹೊತ್ತಿಗೆ 55 ದಿನ ಹಿಂದಿನ ಬೆಲೆ ಎಂದರೆ ಜೂನ್ 3ರ ಬೆಲೆ. ಮರುದಿನ ಅದು ಜೂನ್ 4ರ ಬೆಲೆಯಾಗುತ್ತದೆ. ಆಗಸ್ಟ್‌ನ ಈ ಎರಡು ದಿನಗಳಲ್ಲಿ ಷೇರೂ ನಿಫ್ಟಿಯೂ ಅಲುಗಾಡದೆ ನಿಂತಿದ್ದರೂ, ಭಾಗಿಸಿ ಬಂದ ಸಂಖ್ಯೆ 94ನ್ನು 81ರಿಂದ ಭಾಗಿಸಿದಷ್ಟು, ಅಂದರೆ 16 ಶೇಕಡಾ, ಮೇಲೇಳುತ್ತದೆ. ನಿನ್ನೆ ಸೊನ್ನೆಗಿಂತ ಹತ್ತು ಶೇಕಡಾ ಕೆಳಗಿದ್ದ ಷೇರು ಇವತ್ತು ಸೊನ್ನೆಯ ಮೇಲೆ ಬಂದು ನಿಲ್ಲುತ್ತದೆ.

ನಾನು ಆ ವಾರ ಅಂಥದ್ದೇ ಒಂದು ಸರ್ಕಾರಿ ಕಂಪನಿಯ ಷೇರು ಕೊಂಡೆ. ಸಂಖ್ಯೆ ಸೊನ್ನೆ ದಾಟಿತ್ತು, ಹಸಿರು ಬಣ್ಣ ತೋರಿಸುತ್ತಿತ್ತು. ಪಟ್ಟಿ ತೆಗೆದು ನೋಡಿದರೆ ಆವತ್ತು ಸಾಲುಸಾಲಾಗಿ ಸರ್ಕಾರಿ ಷೇರುಗಳೇ ಹಸಿರಾಗಿದ್ದವು. ಈ ಗುಂಪಿಗೆ ಒಟ್ಟಾಗಿ ಹಣ ಬರುತ್ತಿದೆ ಎಂದು ನಾನು ಅರ್ಥ ಮಾಡಿಕೊಂಡೆ. ಅಕ್ಟೋಬರ್‌ನಲ್ಲಿ ನಷ್ಟಕ್ಕೆ ಮಾರಿ ಹೊರಬಂದ ಮೇಲೆ, ಹಳೆಯ ತಾರೀಕುಗಳನ್ನು ಎದುರಿಗಿಟ್ಟುಕೊಂಡು ಕೂತಾಗ ಗೊತ್ತಾಯಿತು. ಆಗಸ್ಟ್‌ನಲ್ಲಿ ಯಾವ ಹಣವೂ ಬಂದಿರಲಿಲ್ಲ. ಜೂನ್‌ನ ಒಂದು ಮಂಗಳವಾರ ಲೆಕ್ಕದ ತುದಿಗೆ ಬಂದಿತ್ತು, ಅಷ್ಟೇ.

ಇದನ್ನು ಗುರುತಿಸುವುದು ಹೇಗೆ? ಸಂಖ್ಯೆ ಸೊನ್ನೆ ದಾಟಿದ ದಿನ ಷೇರು ನಿಜವಾಗಿ ಎಷ್ಟು ಚಲಿಸಿದೆ ನೋಡಿ. ಸಂಖ್ಯೆ 15 ಶೇಕಡಾ ಹಾರಿ, ಷೇರು ಒಂದು ಶೇಕಡಾ ಮಾತ್ರ ಏರಿದ್ದರೆ ಕಾರಣ ಹಿಂದಿನ ತುದಿಯಲ್ಲಿದೆ. ಪ್ರತಿದಿನ ಸಂಜೆ ಕೂತು ಹೀಗೆ ಪರಿಶೀಲಿಸುವವರಿಗೆ 55 ದಿನದ ಲೆಕ್ಕ ಕೆಲಸಕ್ಕೆ ಬರುತ್ತದೆ. ನಾನು ಷೇರು ನೋಡುವುದು ಭಾನುವಾರ ಬೆಳಿಗ್ಗೆ ಒಂದು ಗಂಟೆ ಮಾತ್ರ.

ಅನುಪಾತದ ಗೆರೆ

ಟ್ರೇಡಿಂಗ್‌ವ್ಯೂನಲ್ಲಿ ಹೆಸರು ಹುಡುಕುವ ಜಾಗದಲ್ಲಿ ಹೀಗೆ ಬರೆದರೆ ಸಾಕು:

```
NSE:BAJFINANCE/NSE:CNX500
```

ಇಲ್ಲಿ CNX500 ಎಂದರೆ ನಿಫ್ಟಿ 500 ಸೂಚ್ಯಂಕ. ವಾರದ ಚಾರ್ಟ್ ಇಟ್ಟುಕೊಂಡು, ಅದರ ಮೇಲೆ 52 ವಾರದ ಸರಾಸರಿ ಹಾಕುತ್ತೇನೆ. ಗೆರೆ ಸರಾಸರಿಗಿಂತ ಮೇಲಿದ್ದು, ಸರಾಸರಿಯೂ ಮೇಲಕ್ಕೆ ತಿರುಗಿದ್ದರೆ ಷೇರು ಮುಂಚೂಣಿಯಲ್ಲಿದೆ. ಮ್ಯಾನ್ಸ್‌ಫೀಲ್ಡ್ ಆರ್‌ಎಸ್ ಎಂದು ಕರೆಯುವುದೂ ಇದನ್ನೇ. ಗೆರೆ ಸರಾಸರಿಯಿಂದ ಎಷ್ಟು ಶೇಕಡಾ ದೂರ ಇದೆ ಎಂದು ಅದು ಸಂಖ್ಯೆಯಲ್ಲಿ ಹೇಳುತ್ತದೆ. ಇಲ್ಲೂ ಹಳೆಯ ವಾರಗಳು ಲೆಕ್ಕದಿಂದ ಬಿಟ್ಟುಹೋಗುತ್ತವೆ. ಆದರೆ ಒಂದು ವಾರದ ತೂಕ 52ರಲ್ಲಿ ಒಂದು ಭಾಗ ಮಾತ್ರ. ಹಾಗಾಗಿ ಒಂದು ಕೆಟ್ಟ ಮಂಗಳವಾರ ಇಡೀ ಉತ್ತರವನ್ನು ತಿರುಗಿಸಲಾರದು.

ಬಜಾಜ್ ಫೈನಾನ್ಸ್ ಹೆಸರು ಬರೆದಿದ್ದಕ್ಕೆ ಕಾರಣ ಇದೆ. 2024ರಲ್ಲಿ ಆ ಷೇರು ಎಲ್ಲಿಗೂ ಹೋಗಲಿಲ್ಲ, ಶುರುವಾದಲ್ಲಿಂದ ಸ್ವಲ್ಪ ಕೆಳಗೇ ವರ್ಷ ಮುಗಿಸಿತು. 12 ತಿಂಗಳ ರೇಟಿಂಗ್‌ನಲ್ಲಿ ಅದು ಆಗ ಮೇಲೆ ಕಾಣುವ ಷೇರೇ ಅಲ್ಲ. ಡಿಸೆಂಬರ್ ಕೊನೆಗೆ ಬೆಲೆ ಸುಮಾರು 6,800, ನಿಫ್ಟಿ 50 ಇದ್ದದ್ದು 23,645. ಇಲ್ಲಿ ಉದಾಹರಣೆಗೆ ನಿಫ್ಟಿ 50ರಿಂದಲೇ ಭಾಗಿಸಿ ನೂರರಿಂದ ಗುಣಿಸಿದರೆ 28.8. ಜನವರಿ, ಫೆಬ್ರವರಿಯಲ್ಲಿ ಮಾರುಕಟ್ಟೆ ಇಳಿಯುತ್ತಲೇ ಹೋಯಿತು. ಫೆಬ್ರವರಿ ಕೊನೆಗೆ ನಿಫ್ಟಿ 22,125. ಈ ಷೇರು ಮಾತ್ರ ಸುಮಾರು 8,500. ಅನುಪಾತ 38.4. ನಿಫ್ಟಿ 6 ಶೇಕಡಾ ಇಳಿದ ಎರಡು ತಿಂಗಳಲ್ಲಿ ಅನುಪಾತ ಮೂರನೇ ಒಂದು ಭಾಗ ಏರಿತು. ಗೆರೆ ತನ್ನ ಸರಾಸರಿಯನ್ನು ದಾಟಿದ್ದು ಜನವರಿಯಲ್ಲೇ.

ಮಾರುಕಟ್ಟೆ ಇಳಿಯುವಾಗಲೇ ಈ ಗೆರೆ ಹೆಚ್ಚು ಮಾತಾಡುತ್ತದೆ. ಎಲ್ಲ ಏರುವಾಗ ಯಾರು ನಿಜವಾಗಿ ಗಟ್ಟಿ ಎಂದು ಕಾಣುವುದಿಲ್ಲ. ಫೆಬ್ರವರಿ ಆರಂಭದಲ್ಲಿ, ಎರಡು ತಿಂಗಳ ಹಣ ಕೂಡಿಸಿ, ನಾನು ಬಜಾಜ್ ಫೈನಾನ್ಸ್‌ನ ಮೂರು ಷೇರು ಕೊಂಡೆ.

ಮೂರು ಷೇರು ಮೂವತ್ತಾಗಿದ್ದು ಜೂನ್‌ನಲ್ಲಿ. 2025ರ ಜೂನ್ 16ರಂದು ಒಂದಕ್ಕೆ ನಾಲ್ಕು ಬೋನಸ್ ಮತ್ತು ಒಂದನ್ನು ಎರಡು ಮಾಡುವ ಸ್ಪ್ಲಿಟ್ ಒಟ್ಟಿಗೆ ಜಾರಿಗೆ ಬಂದವು. ಬೆಲೆ ಹತ್ತನೇ ಒಂದಾಯಿತು. ಚಾರ್ಟ್ ಸೈಟುಗಳು ಹಿಂದಿನ ಬೆಲೆಗಳನ್ನು ಸರಿಹೊಂದಿಸಿಕೊಳ್ಳುತ್ತವೆ. ಆದರೆ ನಾನು ಎನ್‌ಎಸ್‌ಇ ದಿನದಿನ ಹಾಕುವ ಬೆಲೆಪಟ್ಟಿಯಾದ ಭಾವ್‌ಕಾಪಿಯಿಂದ ಬೆಲೆ ತೆಗೆದು ಎಕ್ಸೆಲ್‌ನಲ್ಲೂ ಒಂದು ಪಟ್ಟಿ ಇಟ್ಟಿದ್ದೆ, ಅಲ್ಲಿ ಅನುಪಾತ ಪಾತಾಳಕ್ಕೆ ಬಿದ್ದಿತ್ತು. ಖಾತೆಗೆ ಹೊಸ ಷೇರು ಬರಲು ಕೆಲವು ದಿನ ಹಿಡಿದಿದ್ದರಿಂದ ಅಲ್ಲೂ ದೊಡ್ಡ ನಷ್ಟವೇ ಕಾಣುತ್ತಿತ್ತು. ಒಂದೇ ದಿನ ಅನುಪಾತ ಅರ್ಧ, ಐದನೇ ಒಂದು, ಹತ್ತನೇ ಒಂದು ಹೀಗೆ ಲೆಕ್ಕಕ್ಕೆ ಸರಿಯಾಗಿ ಬಿದ್ದರೆ ಮಾರುವ ಮೊದಲು ಬೋನಸ್, ಸ್ಪ್ಲಿಟ್ ಇದೆಯಾ ನೋಡಿ.

ಭಾಗಿಸಲು ನಿಫ್ಟಿ 50 ಬದಲು ನಿಫ್ಟಿ 500 ಏಕೆ? 2023ರಲ್ಲಿ ನಿಫ್ಟಿ 50 ಏರಿದ್ದು 20 ಶೇಕಡಾ, ನಿಫ್ಟಿ ಸ್ಮಾಲ್‌ಕ್ಯಾಪ್ 100 ಏರಿದ್ದು ಸುಮಾರು 55. ಆ ವರ್ಷ 40 ಶೇಕಡಾ ಏರಿದ ಚಿಕ್ಕ ಕಂಪನಿ ನಿಫ್ಟಿ 50ರ ಎದುರು ನಾಯಕನಂತೆ ಕಾಣುತ್ತದೆ, ತನ್ನ ಗುಂಪಿನಲ್ಲಿ ಹಿಂದೆ ಬಿದ್ದಿರುತ್ತದೆ. ನಿಫ್ಟಿ 500 ಇದನ್ನು ಸ್ವಲ್ಪ ಸರಿಪಡಿಸುತ್ತದೆ. ಚಿಕ್ಕ ಕಂಪನಿಯಾದರೆ ಸ್ಮಾಲ್‌ಕ್ಯಾಪ್ ಸೂಚ್ಯಂಕದಿಂದಲೂ ಒಮ್ಮೆ ಭಾಗಿಸಿ ನೋಡುತ್ತೇನೆ.

ಡಿವಿಡೆಂಡ್ ಈ ಗೆರೆಯಲ್ಲಿ ಕಾಣುವುದಿಲ್ಲ. ಜಾಸ್ತಿ ಡಿವಿಡೆಂಡ್ ಕೊಡುವ ಷೇರು ಇರುವುದಕ್ಕಿಂತ ದುರ್ಬಲವಾಗಿ ತೋರುತ್ತದೆ.

ಗೆರೆ ಏರುತ್ತಿದ್ದರೂ ಹಣ ಕರಗಬಹುದು, ಅದೂ ನಿಜ. 2024ರ ಸೆಪ್ಟೆಂಬರ್ 26ಕ್ಕೆ ನಿಫ್ಟಿ 26,216. 2025ರ ಮಾರ್ಚ್ 4ಕ್ಕೆ 22,083. ಸುಮಾರು 16 ಶೇಕಡಾ ಇಳಿಕೆ. ಅದೇ ಅವಧಿಯಲ್ಲಿ 10 ಶೇಕಡಾ ಬಿದ್ದ ಷೇರಿನ ಅನುಪಾತ 7 ಶೇಕಡಾ ಏರಿರುತ್ತದೆ. ಗೆರೆ ಚೆಂದ, ಜೇಬು ಖಾಲಿ. ಅದಕ್ಕೆ ಷೇರಿನ ಸ್ವಂತ ಬೆಲೆಯೂ ಅದರ 30 ವಾರದ ಸರಾಸರಿಗಿಂತ ಮೇಲಿರಬೇಕು ಎಂದು ಇನ್ನೊಂದು ನಿಯಮ ಇಟ್ಟುಕೊಂಡಿದ್ದೇನೆ. ಎರಡೂ ಸೇರಿದರೆ ಮಾತ್ರ ಕೊಳ್ಳುವುದು.

ಈಗ ನನ್ನ ಪಟ್ಟಿಯಲ್ಲಿ ನಲವತ್ತು ಷೇರುಗಳಿವೆ, ಎಲ್ಲ ನಿಫ್ಟಿ 500 ಒಳಗಿನವು. ಭಾನುವಾರ ಒಂದೊಂದರ ಗೆರೆ ತೆರೆದು ನೋಡಲು ಒಂದು ನಿಮಿಷ ಸಾಕು. ಕೈಯಲ್ಲಿರುವ ಷೇರಿನ ಗೆರೆ ಎರಡು ವಾರ ಸತತವಾಗಿ 52 ವಾರದ ಸರಾಸರಿಯ ಕೆಳಗೆ ಮುಗಿದರೆ ಸೋಮವಾರ ಮಾರುತ್ತೇನೆ, ಲಾಭವಿರಲಿ ನಷ್ಟವಿರಲಿ. 55 ದಿನದ ಸಂಖ್ಯೆಯನ್ನು ಚಾರ್ಟಿನಿಂದ ತೆಗೆದುಹಾಕಿದ್ದೇನೆ.